ಮಾರ್ಕೆಟ್ ಬಿದ್ದಾಗ ಜಾಸ್ತಿ, ಏರಿದಾಗ ಕಮ್ಮಿ: ವ್ಯಾಲ್ಯೂ ಆವರೇಜಿಂಗ್ ಮಾಡೋದು ಹೇಗೆ, ಎಸ್‌ಐಪಿನೇ ಸಾಕು ಅನ್ನೋದು ಯಾವಾಗ

ಮದ್ದೂರು ಕಡೆ ಇರೋ ನಮ್ ಭಾವ ಹೋದ ಸಲ ಮೈಸೂರಿಗೆ ಬಂದಾಗ ಶರ್ಟ್ ಜೇಬಿಂದ ಕಬ್ಬಿನ ಬಿಲ್ ಚೀಟಿ ತೆಗೆದು ಟೇಬಲ್ ಮೇಲಿಟ್ಟು, "ನೋಡಪ್ಪಾ, ದುಡ್ಡು ಬರೋದೇ ವರ್ಷಕ್ಕೆ ಒಂದ್ಸಲ ಇಲ್ಲ ಎರಡ್ಸಲ, ತಿಂಗ್ಳಾ ತಿಂಗ್ಳಾ ಐದ್ ಸಾವ್ರ ಕಟ್ಟು ಅಂದ್ರೆ ಎಲ್ಲಿಂದ ಕಟ್ಟನ, ಬಿದ್ದಾಗ ಜಾಸ್ತಿ ಹಾಕೋದು ಅಂತ ಏನೋ ಇದೆಯಂತಲ್ಲ ಅದನ್ನ ಒಸಿ ಹೇಳು" ಅಂದ್ರು. ಅವ್ರು ಕೇಳಿದ್ದು ವ್ಯಾಲ್ಯೂ ಆವರೇಜಿಂಗ್ ಬಗ್ಗೆ. 2017ರ ಮಾರ್ಚಿಂದ ನಾನೇ ಇದನ್ನ ಮಾಡ್ಕೊಂಡ್ ಬಂದಿದ್ದೀನಿ, ಮೂರು ವರ್ಷ ಆದ್ಮೇಲೆ ಒಂದ್ಸಲ ಚೆನ್ನಾಗಿ ಎಡವಿದ್ದೂ ಇದೆ, ಆ ಎಡವಿದ ಜಾಗವೇ ಇದರಲ್ಲಿ ಮುಖ್ಯ, ಅದಕ್ಕೇ ಅವತ್ತು ಭಾವನಿಗೆ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೀತಾ ಇದ್ದೀನಿ.

ಮೊದ್ಲು ಎರಡಕ್ಕೂ ವ್ಯತ್ಯಾಸ ಏನು ಅಂತ ನೋಡೋಣ. ಎಸ್‌ಐಪಿಲಿ ಮ್ಯೂಚುವಲ್ ಫಂಡಿಗೆ ತಿಂಗಳಾ ತಿಂಗಳಾ ನೀವು ಕಟ್ಟೋ ದುಡ್ಡು ಫಿಕ್ಸ್, ತಿಂಗಳಿಗೆ 5,000 ಅಂದ್ರೆ 5,000, ಆ ದುಡ್ಡು ಎಷ್ಟಕ್ಕೆ ಬೆಳೆದಿದೆ ಅನ್ನೋದು ಮಾರ್ಕೆಟ್ ಕೈಲಿ. ವ್ಯಾಲ್ಯೂ ಆವರೇಜಿಂಗಲ್ಲಿ ಉಲ್ಟಾ, ಇಂಥಾ ತಿಂಗಳಿಗೆ ನನ್ನ ಫಂಡಲ್ಲಿ ಇಷ್ಟು ಇರ್ಬೇಕು ಅನ್ನೋದು ಫಿಕ್ಸ್, ಅದನ್ನ ಮುಟ್ಟೋಕೆ ಎಷ್ಟು ಕಮ್ಮಿ ಇದೆಯೋ ಅಷ್ಟು ಮಾತ್ರ ಹಾಕೋದು. ಮೈಕೆಲ್ ಎಡೆಲ್ಸನ್ ಅಂತ ಅಮೆರಿಕದ ಒಬ್ಬ ಫೈನಾನ್ಸ್ ಪ್ರೊಫೆಸರ್ 1988ರಲ್ಲಿ ಇದನ್ನ ಮುಂದಿಟ್ಟಿದ್ದು.

ಚಿಕ್ಕದಾಗಿ ಒಂದು ಲೆಕ್ಕ ಮಾಡೋಣ, 2020ರ ನಿಫ್ಟಿ ತಗೊಳ್ತೀನಿ, ಯಾಕಂದ್ರೆ ಆ ವರ್ಷ ಬೀಳೋದೂ ಏಳೋದೂ ಎರಡೂ ನಡೀತು. ಲೆಕ್ಕ ಸುಲಭ ಆಗ್ಲಿ ಅಂತ ತಿಂಗಳ ಕೊನೆ ದಿನದ ನಿಫ್ಟಿನ 100ರಿಂದ ಭಾಗಿಸಿ ಅದನ್ನೇ ಫಂಡಿನ ಎನ್‌ಎವಿ, ಅಂದ್ರೆ ಒಂದು ಯೂನಿಟ್ಟಿನ ಬೆಲೆ ಅಂತ ಇಟ್ಕೊಳ್ಳಿ. ಜನವರಿಲಿ 119.6, ಫೆಬ್ರವರಿಲಿ 112, ಮಾರ್ಚಲ್ಲಿ 86. ಟಾರ್ಗೆಟ್ ತಿಂಗಳಿಗೆ 5,000ದಂತೆ ಏರತ್ತೆ ಅಂತಿರ್ಲಿ. ಜನವರಿಲಿ 5,000 ಹಾಕಿದ್ರಿ. ಫೆಬ್ರವರಿ ಕೊನೆಗೆ ಅದು 4,682 ಆಗಿದೆ, ಟಾರ್ಗೆಟ್ 10,000, ಹಂಗಾಗಿ 5,318 ಹಾಕ್ಬೇಕು. ಮಾರ್ಚ್ ಕೊನೆಗೆ ಆ ಹತ್ತು ಸಾವಿರ 7,679ಕ್ಕೆ ಇಳಿದಿದೆ, ಟಾರ್ಗೆಟ್ 15,000, ಹಾಕ್ಬೇಕಾದ್ದು 7,321. ಏಪ್ರಿಲಲ್ಲಿ ನಿಫ್ಟಿ ಎದ್ದು ಎನ್‌ಎವಿ 98.6 ಆಯ್ತು, ನಿಮ್ಮ 15,000 ಈಗ 17,198, ಟಾರ್ಗೆಟ್ 20,000, ಹಾಕಿದ್ದು ಬರೀ 2,802. ಹಿಂಗೇ ಜೂನ್‌ವರೆಗೆ ಹೋದ್ರೆ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 100 ರೂಪಾಯಿ ಬಿದ್ದಿರತ್ತೆ, ಅದೇ ಆರು ತಿಂಗಳು ಎಸ್‌ಐಪಿ ಕಟ್ಟಿದ್ದವನಿಗೆ 101 ರೂಪಾಯಿ ಚಿಲ್ಲರೆ. ವ್ಯತ್ಯಾಸ ಇದೆ, ಆದ್ರೆ ಜನ ಹೇಳ್ಕೊಂಡು ತಿರುಗೋ ಅಷ್ಟೇನಿಲ್ಲ, ಇದನ್ನ ನೆನಪಲ್ಲಿಟ್ಕೊಳ್ಳಿ.

ಟಾರ್ಗೆಟ್ ದಾರಿ ಹಾಕ್ಕೊಳ್ಳೋದು

ಮೇಲೆ ಮಾಡಿದ ಹಂಗೆ ತಿಂಗಳಿಗೆ 5,000, 10,000, 15,000 ಅಂತ ನೇರವಾಗಿ ಏರಿಸ್ಕೊಂಡು ಹೋಗೋದು ಆರು ತಿಂಗಳಿಗೆ ಪರ್ವಾಗಿಲ್ಲ, ಹತ್ತು ವರ್ಷಕ್ಕೆ ತಪ್ಪು. ಯಾಕೆ ಅಂದ್ರೆ ಫಂಡಲ್ಲಿ ಐದು ಲಕ್ಷ ಸೇರಿದ್ಮೇಲೆ ಮಾರ್ಕೆಟ್ ತಿಂಗಳಿಗೆ ಒಂದು ಪರ್ಸೆಂಟ್ ಏರಿದ್ರೂ ಸಾಕು, 5,000 ತಾನೇ ಬಂದ್ಬಿಡತ್ತೆ, ಶೀಟು ಪ್ರತಿ ತಿಂಗಳೂ "ಸೊನ್ನೆ ಹಾಕು" ಅನ್ನತ್ತೆ. ನೀವು ಖುಷಿಯಾಗಿ ಸೊನ್ನೆ ಹಾಕ್ಕೊಂಡು ಕೂತಿರ್ತೀರಿ, ಸಂಬಳ ಏರಿರತ್ತೆ, ಉಳಿತಾಯ ಮಾತ್ರ ನಿಂತಿರತ್ತೆ. ಅದಕ್ಕೇ ಟಾರ್ಗೆಟ್ಟಿಗೂ ಒಂದು ಬೆಳವಣಿಗೆ ಕೊಡ್ಬೇಕು. ಎಡೆಲ್ಸನ್ ಕೊಟ್ಟ ಸೂತ್ರ ಇದು:

```
V = C × t × (1 + R)^t
R = (r + g) / 2
```

C ಅಂದ್ರೆ ತಿಂಗಳಿನ ಮೂಲ ಮೊತ್ತ, t ಅಂದ್ರೆ ಎಷ್ಟನೇ ತಿಂಗಳು, r ಅಂದ್ರೆ ಫಂಡು ತಿಂಗಳಿಗೆ ಎಷ್ಟು ಬೆಳೀಬಹುದು ಅನ್ನೋ ನಿಮ್ಮ ಅಂದಾಜು, g ಅಂದ್ರೆ ನೀವು ಹಾಕೋ ದುಡ್ಡು ತಿಂಗಳಿಗೆ ಎಷ್ಟು ಏರಿಸ್ಕೊಂಡು ಹೋಗ್ತೀರಿ ಅನ್ನೋದು. ನಾನು r ಅನ್ನ 0.8% ಅಂತ, g ಅನ್ನ 0.4% ಅಂತ ಇಟ್ಟಿದ್ದೀನಿ, ಅಂದ್ರೆ ವರ್ಷಕ್ಕೆ ಸುಮಾರು ಹತ್ತು ಮತ್ತು ಐದು ಪರ್ಸೆಂಟ್, ಹಂಗಾಗಿ R ಬರೋದು 0.6%. ಇದರ ಪ್ರಕಾರ 12ನೇ ತಿಂಗಳಿಗೆ ಟಾರ್ಗೆಟ್ 64,465, 36ನೇ ತಿಂಗಳಿಗೆ 2,23,254, 60ನೇ ತಿಂಗಳಿಗೆ ನಾಲ್ಕು ಲಕ್ಷದ ಮೂವತ್ತು ಸಾವಿರದ ಹತ್ರ. r ಜಾಗದಲ್ಲಿ ವರ್ಷಕ್ಕೆ 15%, 18% ಅಂತ ಆಸೆಬುರುಕರ ಥರ ಬರ್ಕೋಬೇಡಿ, ಮಾರ್ಕೆಟ್ ಅಷ್ಟು ಕೊಡ್ದೇ ಇದ್ದಾಗ ಆ ಗ್ಯಾಪ್ ತುಂಬೋದು ನಿಮ್ಮ ಜೇಬಿಂದಾನೇ.

ಗೂಗಲ್ ಶೀಟೋ ಎಕ್ಸೆಲ್ಲೋ ಯಾವುದಾದ್ರೂ ಸರಿ. A ಕಾಲಮ್ಮಲ್ಲಿ ತಿಂಗಳ ನಂಬರ್, B ಟಾರ್ಗೆಟ್, C ನಿಮ್ಮತ್ರ ಇರೋ ಯೂನಿಟ್, D ಇವತ್ತಿನ ಎನ್‌ಎವಿ, E ಈಗಿನ ಬೆಲೆ, F ಈ ತಿಂಗಳು ಹಾಕ್ಬೇಕಾದ್ದು:

```
B2: =5000*A2*(1+0.006)^A2
E2: =C2*D2
F2: =MAX(0,MIN(15000,B2-E2))
```

ಆ F2 ಒಳಗಿರೋ 0 ಮತ್ತೆ 15000 ಎಲ್ಲಿಂದ ಬಂತು ಅನ್ನೋದೇ ನಾನು ಎಡವಿದ ಕಥೆ.

2020ರ ಮಾರ್ಚ್ 31

ನನ್ನ ಹಳೇ ಶೀಟಲ್ಲಿ F2 ಬರೀ B2-E2 ಆಗಿತ್ತು. ಮೂರು ವರ್ಷ ಯಾವ ತೊಂದ್ರೆನೂ ಇಲ್ಲ, ಒಂದು ತಿಂಗಳು ನಾಲ್ಕು ಸಾವಿರ ಕೇಳೋದು ಇನ್ನೊಂದು ತಿಂಗಳು ಒಂಬತ್ತು ಕೇಳೋದು, ಹಾಕ್ತಿದ್ದೆ. ಫೆಬ್ರವರಿ ಕೊನೆಗೆ 36ನೇ ತಿಂಗಳು, 2,23,254 ಸರಿಯಾಗಿ ಇದೆ ಅಂತಿಟ್ಕೊಳ್ಳಿ. ಮಾರ್ಚಲ್ಲಿ ಲಾಕ್‌ಡೌನ್ ಬಂತು, ನಿಫ್ಟಿ 11,200 ಇದ್ದದ್ದು ತಿಂಗಳ ಕೊನೆಗೆ 8,600ರ ಹತ್ರ. ನನ್ನ ದುಡ್ಡು 1,71,427. ಟಾರ್ಗೆಟ್ 2,30,833. ಶೀಟು ಕೇಳಿದ್ದು 59,406 ರೂಪಾಯಿ.

ಅದೇ ತಿಂಗಳು ನಮ್ಮ ಆಫೀಸಲ್ಲಿ ಸಂಬಳ ಅರ್ಧ ಮಾಡಿದ್ರು. ಎಸ್‌ಬಿ ಅಕೌಂಟಲ್ಲಿ ಇದ್ದದ್ದು ಹನ್ನೆರಡು ಸಾವಿರ ಚಿಲ್ಲರೆ. ಕುವೆಂಪುನಗರದ ಮನೇಲಿ ಬಾಗಿಲು ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತು ಆ ಕೆಂಪು ಅಂಕಿ ನೋಡ್ತಾ ಇದ್ದದ್ದು ಇನ್ನೂ ನೆನಪಿದೆ. 59 ಸಾವಿರ ಹಾಕೋಕೆ ಆಗಲ್ಲ, ಆಗಲ್ಲ ಅಂದ್ಮೇಲೆ ಮೆಥಡ್ಡೇ ಮುರೀತು ಅನ್ನಿಸ್ತು, ಅದ್ಕೇ ಆ ತಿಂಗಳು ಒಂದು ರೂಪಾಯಿನೂ ಹಾಕ್ಲಿಲ್ಲ, ಏಪ್ರಿಲ್ಲಲ್ಲೂ ಇಲ್ಲ, ಮೇನಲ್ಲೂ ಇಲ್ಲ. ಎಸ್‌ಐಪಿ ಇದ್ದಿದ್ರೆ ಹದಿನೈದು ಸಾವಿರ ಆದ್ರೂ ತಾನೇ ಕಟ್ ಆಗಿ ಹೋಗಿರ್ತಿತ್ತು. ಬಿದ್ದಾಗ ಜಾಸ್ತಿ ಹಾಕೋ ಮೆಥಡ್ ಇಟ್ಕೊಂಡು ಬಿದ್ದಾಗ್ಲೇ ಏನೂ ಹಾಕ್ದೇ ಕೂತೆ.

ಆಮೇಲೆ ಯೋಚ್ನೆ ಮಾಡಿದಾಗ ಅರ್ಥ ಆಗಿದ್ದು ಇಷ್ಟು. ವ್ಯಾಲ್ಯೂ ಆವರೇಜಿಂಗ್ ಕೇಳೋ ದುಡ್ಡು ನಿಮ್ಮ ಸಂಬಳ ನೋಡ್ಕೊಂಡು ಕೇಳಲ್ಲ, ನೀವು ಈಗಾಗ್ಲೇ ಸೇರಿಸಿಟ್ಟಿರೋ ಗಂಟು ನೋಡ್ಕೊಂಡು ಕೇಳತ್ತೆ. ಗಂಟು 15,000 ಇದ್ದಾಗ 23% ಬಿದ್ರೆ ಮೂರೂವರೆ ಸಾವಿರ ಎಕ್ಸ್‌ಟ್ರಾ. ಗಂಟು ಎರಡೂಕಾಲು ಲಕ್ಷ ಇದ್ದಾಗ ಅದೇ 23% ಅಂದ್ರೆ ಐವತ್ತೆರಡು ಸಾವಿರ. ಹನ್ನೆರಡು ಲಕ್ಷ ಆದ್ಮೇಲೆ ಎರಡೂಮುಕ್ಕಾಲು ಲಕ್ಷ, ಒಂದೇ ತಿಂಗಳಲ್ಲಿ. ಮೊದಲ ವರ್ಷ ಮಾಡಿ ನೋಡಿ ಚೆನ್ನಾಗಿದೆ ಅನ್ನೋರೆಲ್ಲ ಇದನ್ನ ಇನ್ನೂ ನೋಡಿಲ್ಲ.

ಮಿತಿ, ಮತ್ತೆ ಪಕ್ಕದ ಗಂಟು

ಹಂಗಾಗಿ ಎರಡು ವಿಷ್ಯ ಮೊದಲ ದಿನಾನೇ ತೀರ್ಮಾನ ಮಾಡಿ. ಒಂದು, ತಿಂಗಳಿಗೆ ಮೂಲ ಮೊತ್ತದ ಮೂರರಷ್ಟಕ್ಕಿಂತ ಜಾಸ್ತಿ ಹಾಕಲ್ಲ, 5,000ಕ್ಕೆ 15,000 ಮಿತಿ. ಎರಡು, ಆ ಎಕ್ಸ್‌ಟ್ರಾಗೆ ಬೇಕಾದ ದುಡ್ಡು ಮೊದ್ಲೇ ಒಂದು ಲಿಕ್ವಿಡ್ ಫಂಡಲ್ಲಿ, ಅಂದ್ರೆ ಜಾಸ್ತಿ ಏರಿಳಿತ ಇಲ್ದೇ ಬೇಗ ವಾಪಸ್ ತೆಗೀಬಹುದಾದ ಫಂಡಲ್ಲಿ ಇರ್ಬೇಕು, ಆರು ತಿಂಗಳ ಮೂಲ ಮೊತ್ತ ಅಂದ್ರೆ 30,000. ಇದು ಆಸ್ಪತ್ರೆ ಗೀಸ್ಪತ್ರೆ ಅಂತ ಇಟ್ಟಿರೋ ಎಮರ್ಜೆನ್ಸಿ ದುಡ್ಡಲ್ಲ, ಅದು ಬೇರೆ ಇರ್ಬೇಕು, ಯಾಕಂದ್ರೆ ಮಾರ್ಕೆಟ್ ಬೀಳೋದೂ ಕೆಲಸಕ್ಕೆ ಕುತ್ತು ಬರೋದೂ ಒಟ್ಟೊಟ್ಟಿಗೇ ಆಗತ್ತೆ, ನನಗೆ ಆದ ಹಂಗೆ.

ಈ ಎರಡು ನಿಯಮ ಇಟ್ಕೊಂಡು 2020ನ್ನ ಮತ್ತೆ ಓಡಿಸಿ ನೋಡಿದೆ. ಮಾರ್ಚಲ್ಲಿ ಶೀಟು 59,406 ಕೇಳತ್ತೆ, ಮಿತಿ ಪ್ರಕಾರ 15,000. ಏಪ್ರಿಲಲ್ಲಿ ಇನ್ನೂ 24,753 ಕಮ್ಮಿ, ಮತ್ತೆ 15,000. ಮೇನಲ್ಲಿ 23,993 ಕಮ್ಮಿ, ಮತ್ತೆ 15,000. ಜೂನ್ ಕೊನೆಗೆ ಗಂಟು 2,55,076, ಟಾರ್ಗೆಟ್ 2,54,068, ಅಂದ್ರೆ ದಾಟಾಯ್ತು, ಹಾಕ್ಬೇಕಾದ್ದು ಸೊನ್ನೆ. ಅಲ್ಲಿಂದ ಡಿಸೆಂಬರ್‌ವರೆಗೂ ಏಳು ತಿಂಗಳು ಸೊನ್ನೇನೇ. ಮೂರು ತಿಂಗಳಲ್ಲಿ ಪಕ್ಕದ ಗಂಟಿಂದ ತೆಗೆದದ್ದು 30,000, ಆ ಏಳು ತಿಂಗಳಲ್ಲಿ ವಾಪಸ್ ಅಲ್ಲಿಗೆ ಸೇರಿದ್ದು 35,000. ಇದು ಸರಿಯಾಗಿ ಉಸಿರಾಡೋ ಹಂಗೆ ಕೆಲಸ ಮಾಡತ್ತೆ, ಒಂದೇ ಷರತ್ತು, ಸೊನ್ನೆ ಬಂದ ತಿಂಗಳು ಆ 5,000 ಅವತ್ತೇ ಲಿಕ್ವಿಡ್ ಫಂಡಿಗೆ ಹೋಗ್ಬೇಕು. ಅಕೌಂಟಲ್ಲಿ ಬಿಟ್ರೆ ಅದು ಉಳಿಯಲ್ಲ, ಹೊಸ ಮಿಕ್ಸಿ ಆಗತ್ತೆ, ಇಲ್ಲ ಯಾರದೋ ಗೃಹಪ್ರವೇಶದ ಉಡುಗೊರೆ ಆಗತ್ತೆ. ಎಸ್‌ಐಪಿ ಮಾಡೋರಿಗೆ ಇಲ್ದೇ ಇರೋ ಶಿಸ್ತು ಇಲ್ಲಿ ಬೇಕಾಗೋದು ಬಿದ್ದ ತಿಂಗಳಲ್ಲಲ್ಲ, ಸೊನ್ನೆ ತಿಂಗಳಲ್ಲಿ.

ಅದೇ ಹತ್ತು ತಿಂಗಳು, ಮಾರ್ಚಿಂದ ಡಿಸೆಂಬರ್, ಅದೇ ಗಂಟಿಗೆ ತಿಂಗಳಿಗೆ 5,000 ಎಸ್‌ಐಪಿ ಕಟ್ಟಿದ್ದವನ ಹತ್ರ ಕೊನೆಗೆ ಸುಮಾರು 3,43,000. ಮಿತಿ ಹಾಕಿದ ವ್ಯಾಲ್ಯೂ ಆವರೇಜಿಂಗಲ್ಲಿ ಸುಮಾರು 3,46,200, ಮತ್ತೆ ಕಟ್ಟಿದ್ದು ಐದು ಸಾವಿರ ಕಮ್ಮಿ, ಅದು ಕೈಲೇ ಇದೆ. ಒಟ್ಟು ಸುಮಾರು 8,200 ರೂಪಾಯಿ ಮುಂದೆ. ದಬಾರ್ ಅಂತ ಬಿದ್ದು ಬೇಗ ಎದ್ದ ವರ್ಷ ಇದು, ಈ ಮೆಥಡ್ಡಿಗೆ ಇದಕ್ಕಿಂತ ಒಳ್ಳೇ ವರ್ಷ ಸಿಗೋದು ಕಷ್ಟ, ಅಂಥಾ ವರ್ಷದಲ್ಲೇ ಲಾಭ ಇಷ್ಟು. ಬೀಳದೇ ಏರ್ತಾನೇ ಹೋಗೋ ಮಾರ್ಕೆಟ್ಟಲ್ಲಿ ಪಕ್ಕದ ಗಂಟು ಸುಮ್ನೆ ಲಿಕ್ವಿಡ್ ಫಂಡಲ್ಲಿ ಕೂತಿರತ್ತೆ, ಎಸ್‌ಐಪಿ ಕಟ್ಟೋನೇ ಮುಂದೆ ಹೋಗ್ತಾನೆ.

ಆಪಲ್ಲಿ ಕಾಣೋ ಎಕ್ಸ್‌ಐಆರ್‌ಆರ್ ನಂಬಿ ಹೋಲಿಸ್ಬೇಡಿ

ಎಕ್ಸ್‌ಐಆರ್‌ಆರ್ ಅಂದ್ರೆ ದುಡ್ಡು ಹಾಕಿದ ದಿನ, ಮೊತ್ತ ಎರಡನ್ನೂ ನೋಡ್ಕೊಂಡು ಲೆಕ್ಕ ಹಾಕೋ ವರ್ಷದ ಲಾಭದ ಪರ್ಸೆಂಟ್. ವ್ಯಾಲ್ಯೂ ಆವರೇಜಿಂಗ್ ಮಾಡಿದ್ರೆ ಎಕ್ಸ್‌ಐಆರ್‌ಆರ್ ಸಾಮಾನ್ಯವಾಗಿ ಚೆನ್ನಾಗೇ ಕಾಣತ್ತೆ, ಅದನ್ನ ತೋರಿಸಿ ಇದೇ ಬೆಸ್ಟ್ ಅನ್ನೋರು ಇದ್ದಾರೆ. ಅದರ ಹಿಂದೆ ಒಂದು ಲೆಕ್ಕದ ಮರ್ಮ ಇದೆ. ಎಕ್ಸ್‌ಐಆರ್‌ಆರಲ್ಲಿ ಯಾವ ಕಾಲದಲ್ಲಿ ಜಾಸ್ತಿ ದುಡ್ಡು ಇತ್ತೋ ಆ ಕಾಲಕ್ಕೆ ಜಾಸ್ತಿ ತೂಕ. ಮೊದ್ಲು ಮಾರ್ಕೆಟ್ ಕೆಟ್ಟದಾಗಿ ಹೋದ್ರೆ ಆಮೇಲೆ ನೀವು ಜಾಸ್ತಿ ಸುರೀತೀರಿ, ಆ ಕೆಟ್ಟ ಕಾಲದ ತೂಕ ಕಮ್ಮಿ ಆಗತ್ತೆ. ಮೊದ್ಲು ಚೆನ್ನಾಗಿ ಹೋದ್ರೆ ಆಮೇಲೆ ಕಮ್ಮಿ ಹಾಕ್ತೀರಿ, ಆ ಒಳ್ಳೇ ಕಾಲದ ತೂಕ ಜಾಸ್ತಿ ಆಗತ್ತೆ. ಎರಡು ಕಡೆಯಿಂದ್ಲೂ ಅಂಕಿ ಮೇಲಕ್ಕೇ ಏರತ್ತೆ, ನಿಮ್ಮ ಕೈಲಿ ಅಷ್ಟೇನೂ ಜಾಸ್ತಿ ದುಡ್ಡು ಇಲ್ದಿದ್ರೂ. ಸರಾಸರಿ ಬೆಲೆ ಕಮ್ಮಿ ಬಿತ್ತು ಅನ್ನೋದೂ ಇದೇ ಥರ.

ಸರಿಯಾಗಿ ಹೋಲಿಸ್ಬೇಕು ಅಂದ್ರೆ ಇಬ್ಬರಿಗೂ ಒಂದೇ ದಿನ ಒಂದೇ ಮೊತ್ತ ಕೊಡಿ, 30,000ದ ಪಕ್ಕದ ಗಂಟನ್ನೂ ಸೇರಿಸಿ, ಕೊನೇ ದಿನ ಈಕ್ವಿಟಿ ಫಂಡು ಮತ್ತೆ ಲಿಕ್ವಿಡ್ ಫಂಡು ಎರಡನ್ನೂ ಕೂಡಿಸಿ ಯಾರ ಹತ್ರ ಎಷ್ಟು ರೂಪಾಯಿ ಇದೆ ಅಂತ ನೋಡಿ. ನಾನು ಮೇಲೆ 8,200 ಅಂದಿದ್ದು ಹಂಗೇ ಲೆಕ್ಕ ಹಾಕಿದ್ದು, ಲಿಕ್ವಿಡ್ ಫಂಡಿನ ಬಡ್ಡಿ ಮಾತ್ರ ಬಿಟ್ಟು.

ಪ್ರತಿ ತಿಂಗಳು ಏನು ಮಾಡೋದು

ನಿಫ್ಟಿಯಂಥ ಸೂಚ್ಯಂಕದ ಹಿಂದೇನೇ ಹೋಗೋ ಒಂದೇ ಒಂದು ಇಂಡೆಕ್ಸ್ ಫಂಡ್ ಆರಿಸ್ಕೊಳ್ಳಿ, ಅದೇ ಕಂಪನಿಯ ಲಿಕ್ವಿಡ್ ಫಂಡ್ ಒಂದು. ಒಂದೇ ಕಂಪನಿ ಆದ್ರೆ ಲಿಕ್ವಿಡ್‌ನಿಂದ ಈಕ್ವಿಟಿಗೆ ಸ್ವಿಚ್ ಅಂತ ಕೊಟ್ರೆ ಆಯ್ತು, ದುಡ್ಡು ಬ್ಯಾಂಕಿಗೆ ಬಂದು ಹೋಗೋ ತಾಪತ್ರಯ ಇಲ್ಲ. ಒಂದೊಂದು ಶೇರಿನ ಮೇಲೆ ಇದನ್ನ ದಯವಿಟ್ಟು ಮಾಡ್ಬೇಡಿ, ಇಂಡೆಕ್ಸ್ ಬಿದ್ರೆ ಏಳತ್ತೆ ಅನ್ನೋ ನಂಬಿಕೆ ಇಡಬಹುದು, ಒಂದು ಕಂಪನಿ ಮುಳುಗ್ತಾ ಹೋದ್ರೆ ಶೀಟು ಪ್ರತಿ ತಿಂಗಳೂ ಇನ್ನೂ ಹಾಕು ಇನ್ನೂ ಹಾಕು ಅಂತಾನೇ ಇರತ್ತೆ.

ತಿಂಗಳಲ್ಲಿ ಒಂದು ದಿನ ಗೊತ್ತು ಮಾಡ್ಕೊಳ್ಳಿ, ನನ್ನದು 5ನೇ ತಾರೀಕು, ರಜೆ ಇದ್ರೆ ಮಾರನೇ ದಿನ. ಹಿಂದಿನ ರಾತ್ರಿ ಬಂದ ಎನ್‌ಎವಿ ಶೀಟಿಗೆ ಹಾಕಿ, F2 ಏನು ಹೇಳತ್ತೋ ಅಷ್ಟನ್ನ ಕೊಳ್ಳಿ. ಬ್ಯಾಂಕಿಂದ ನೇರ ಹಾಕೋದಾದ್ರೆ ಮಧ್ಯಾಹ್ನ 3 ಗಂಟೆ ಒಳಗೆ ದುಡ್ಡು ಅವರಿಗೆ ತಲುಪಿದ್ರೆ ಅವತ್ತಿನ ಎನ್‌ಎವಿ ಸಿಗತ್ತೆ, ಸ್ವಿಚ್ ಆದ್ರೆ ಈಕ್ವಿಟಿ ಕಡೆ ಒಂದು ದಿನ ತಡ ಆಗಬಹುದು. ಹಿಂಗಾಗಿ ಲೆಕ್ಕಕ್ಕೂ ಸಿಕ್ಕ ಬೆಲೆಗೂ ನೂರಿನ್ನೂರು ರೂಪಾಯಿ ಆಚೀಚೆ ಆಗತ್ತೆ, ಮುಂದಿನ ತಿಂಗಳು ಶೀಟೇ ಸರಿ ಮಾಡ್ಕೊಳ್ಳತ್ತೆ, ತಲೆ ಕೆಡಿಸ್ಕೋಬೇಡಿ. ಆದ್ರೆ "ಇನ್ನೂ ಬೀಳಬಹುದು, 10ನೇ ತಾರೀಕು ಹಾಕೋಣ" ಅಂತ ದಿನ ಮುಂದೂಡೋಕೆ ಶುರು ಮಾಡಿದ್ರೆ ಅದು ವ್ಯಾಲ್ಯೂ ಆವರೇಜಿಂಗ್ ಅಲ್ಲ, ಜೂಜು.

ಮರೆಗುಳಿಗಳು, ಇಲ್ಲ ನನ್ನ ಥರ ಒಂದ್ಸಲ ಕೈಚೆಲ್ಲಿ ಕೂತೋರು, ಅರ್ಧ ಎಸ್‌ಐಪಿ ಇಟ್ಕೊಳ್ಳಿ. 2,500 ತಾನಾಗೇ ಕಟ್ ಆಗ್ಲಿ, ಮಿಕ್ಕಿದ್ದು ಶೀಟ್ ಪ್ರಕಾರ ಕೈಯಾರೆ ಹಾಕಿ. ನಾನು ಈಗ ಮಾಡ್ತಾ ಇರೋದು ಇದೇ.

ಮೂಲ ಪದ್ಧತಿಲಿ ಟಾರ್ಗೆಟ್ ದಾಟಿದ್ರೆ ಮಾರು ಅಂತಾನೂ ಇದೆ. F2ಲಿ ಆ 0 ಇರೋದು ಅದನ್ನ ತಡೆಯೋಕೆ. 2020ರ ಮಾರ್ಚಲ್ಲಿ 59,406 ಪೂರ್ತಿ ಹಾಕೋ ಶಕ್ತಿ ನನಗೆ ಇದ್ದಿದ್ರೆ ಏಪ್ರಿಲಲ್ಲೇ ಶೀಟು 26,000 ಮಾರು ಅಂತಿತ್ತು, ನಿಫ್ಟಿ 9,860 ಇದ್ದಾಗ, ಅದೇ ಡಿಸೆಂಬರಲ್ಲಿ ಅದು 13,980. ತೆರಿಗೆನೂ ನೋಡ್ಬೇಕು. ಈಗ ಈಕ್ವಿಟಿ ಫಂಡನ್ನ ಒಂದು ವರ್ಷದೊಳಗೆ ಮಾರಿದ್ರೆ ಲಾಭಕ್ಕೆ 20%, ವರ್ಷ ದಾಟಿದ್ದಾದ್ರೆ 1.25 ಲಕ್ಷ ಮೀರಿದ ಲಾಭಕ್ಕೆ 12.5%. ಮಾರೋವಾಗ ಮೊದಲು ಕೊಂಡ ಯೂನಿಟ್ಟೇ ಮೊದಲು ಹೋಗತ್ತೆ, ಹಂಗಾಗಿ ಹಳಬರಿಗೆ 20% ಬೀಳೋದು ಅಪರೂಪ, ಹೊಸಬರಿಗೆ ಬೀಳತ್ತೆ. ಮಾರ್ಬೇಡಿ, ಸೊನ್ನೆ ಹಾಕಿ ಸುಮ್ನಿರಿ.

ದಾರಿ ತಪ್ಪಿದ್ದು ಹೆಂಗೆ ಗೊತ್ತಾಗತ್ತೆ

ಏಳೆಂಟು ತಿಂಗಳು ಸೊನ್ನೆ ಬಂದು ಲಿಕ್ವಿಡ್ ಗಂಟು 30,000 ದಾಟಿ ಅರವತ್ತಕ್ಕೆ ಹೋಗ್ತಾ ಇದೆ ಅಂದ್ರೆ ಮಾರ್ಕೆಟ್ ನಿಮ್ಮ ದಾರಿ ಬಿಟ್ಟು ಮೇಲೆ ಹೋಗಿದೆ, ಅದು ವಾಪಸ್ ಬರ್ಲಿ ಅಂತ ವರ್ಷಗಟ್ಲೆ ಕಾಯಬೇಡಿ. B ಕಾಲಮ್ ನೋಡ್ಕೊಂಡು ಈಗಿನ ಬೆಲೆ ಎಷ್ಟನೇ ತಿಂಗಳ ಟಾರ್ಗೆಟ್ಟಿಗೆ ಸಮ ಅಂತ ಹುಡುಕಿ, A ಕಾಲಮ್ಮಲ್ಲಿ ಆ ನಂಬರಿಂದ ಮುಂದುವರಿಸಿ. ತಿಂಗಳುಗಟ್ಲೆ ಮಿತಿ 15,000ಕ್ಕೇ ಬಡೀತಾ ಇದೆ, ಲಿಕ್ವಿಡ್ ಫಂಡ್ ಖಾಲಿ ಆಯ್ತು ಅಂದ್ರೆ ಮೂಲ 5,000ಕ್ಕೆ ಇಳೀರಿ, ಆದ್ರೆ ನಿಲ್ಲಿಸ್ಬೇಡಿ. ಪಕ್ಕದ ಗಂಟೇ ಮಾಡ್ಕೊಳ್ಳೋಕೆ ಆಗ್ದೇ ಇರೋರಿಗೆ ನಾನು ಹೇಳೋದು ನೇರವಾಗಿ ಎಸ್‌ಐಪಿ, ವರ್ಷಕ್ಕೊಂದ್ಸಲ ಐನೂರು ರೂಪಾಯಿ ಏರಿಸ್ಕೊಂಡು ಹೋಗಿ, ನೀವು ಇದರಿಂದ ಏನೂ ಕಳ್ಕೊಳ್ಳೋದಿಲ್ಲ.

ಭಾವನ ವಿಷ್ಯ ಬೇರೆ. ಅವ್ರಿಗೆ ಪಕ್ಕದ ಗಂಟು ಅನ್ನೋದು ಕಬ್ಬಿನ ಬಿಲ್ ರೂಪದಲ್ಲೇ ಬರತ್ತೆ, ದುಡ್ಡು ಕೈಗೆ ಬಂದ ವಾರದಲ್ಲಿ ಗೊಬ್ಬರ ಕೂಲಿ ಸೊಸೈಟಿ ಸಾಲ ಎಲ್ಲ ಕಳೆದು 80,000 ಲಿಕ್ವಿಡ್ ಫಂಡಿಗೆ ಹಾಕಿಸಿದ್ವಿ. ಅಲ್ಲಿಂದ ತಿಂಗಳಿಗೆ ಫಿಕ್ಸ್ ಮೊತ್ತ ತಾನಾಗೇ ಈಕ್ವಿಟಿ ಫಂಡಿಗೆ ಹೋಗೋ ಹಂಗೆ ಎಸ್‌ಟಿಪಿ ಮಾಡಿದ್ರೆ ಅದು ಎಸ್‌ಐಪಿ ಇದ್ದಂಗೇ, ನಾವು ಅದರ ಬದಲು ಮೂಲ ಮೊತ್ತ 4,000, ಮಿತಿ 12,000 ಅಂತ ಇಟ್ಕೊಂಡು ಶೀಟ್ ಪ್ರಕಾರ ಸ್ವಿಚ್ ಮಾಡ್ತಾ ಇದ್ದೀವಿ. ಕಬ್ಬಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅವ್ರು ಇದಕ್ಕೂ ಇಲ್ಲ ಅನ್ಕೊಂಡಿದ್ರು, ಹಂಗಲ್ಲ, ಸ್ವಿಚ್ ಅಂದ್ರೂ ಲಿಕ್ವಿಡ್ ಫಂಡ್ ಮಾರಿದಂಗೇ, ಅದರಲ್ಲಿ ಬಂದ ಲಾಭ ಆದಾಯಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ ಲೆಕ್ಕ ಕೊಡ್ಬೇಕು. ಮುಂದಿನ ಬಿಲ್ ಬರೋದು ತಡ ಆದ್ರೆ ಏನ್ ಗತಿ ಅಂತ ಕೇಳಿದ್ರು, ಮಿತಿಗೇ ಹಾಕ್ತಾ ಹೋದ್ರೂ 80,000 ಆರು ತಿಂಗಳು ತಡೆಯತ್ತೆ, ಮೂಲ ಮೊತ್ತಕ್ಕೆ ಇಳಿದ್ರೆ ಇಪ್ಪತ್ತು ತಿಂಗಳು. ಶೀಟ್ ಫೋನಲ್ಲಿ ಇದ್ರೂ ಅವ್ರು ಆಲೆಮನೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಗೆರೆ ಎಳ್ಕೊಂಡು ಟಾರ್ಗೆಟ್, ಯೂನಿಟ್, ಬೆಲೆ, ಹಾಕಿದ್ದು ಅಂತ ಪೆನ್ನಲ್ಲೇ ಬರ್ಕೊಳ್ತಾರೆ, ಸೊನ್ನೆ ಬಂದ ತಿಂಗಳೂ ಸೊನ್ನೆ ಅಂತ ಬರ್ದಿರ್ತಾರೆ.